ಹನ್ನೆರಡನೆಯ ತಿಗುರಿ ಯಾರಿಗೆ?

2025ರ ನವೆಂಬರ್ 25, ಮಂಗಳವಾರ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹುಬ್ಬಳ್ಳಿಯಿಂದ ಫೋನು ಬಂತು. ಕುಂಬಾರಿಕೆ ಶಿಬಿರಕ್ಕೆ ಹೆಸರು ಕೊಟ್ಟು ಹಣವನ್ನೂ ಕಟ್ಟಿದ್ದವರೊಬ್ಬರು, ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿದೆ, ಬರಲಾಗುವುದಿಲ್ಲ ಎಂದರು. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಗೆಳತಿ ವರ್ಷಕ್ಕೊಮ್ಮೆ ನಡೆಸುವ ಮೂರು ದಿನದ ಶಿಬಿರ ಅದು. ಡಿಸೆಂಬರ್ 5ರ ಶುಕ್ರವಾರ ಶುರುವಾಗಿ ಭಾನುವಾರ ಸಂಜೆ ಮುಗಿಯುತ್ತದೆ. ಮಣ್ಣು ತುಳಿಸುವುದು, ತಿರುಗಿಸುವುದು ಕಲಿಸುವುದು ಅವಳ ಪಾಲಿನ ಕೆಲಸ. ಹೆಸರು ಬರೆದುಕೊಳ್ಳುವುದು, ಪತ್ರ ಬರೆಯುವುದು ನನ್ನ ಪಾಲಿನದು.

ಅಲ್ಲಿರುವುದು ಹನ್ನೆರಡು ತಿಗುರಿ. ಕುಂಬಾರರ ಚಕ್ರಕ್ಕೆ ಆ ಹೆಸರು. ಒಂದರ ಮುಂದೆ ಇಬ್ಬರು ಕೂರಲಾಗದು, ಹಾಗಾಗಿ ಹನ್ನೆರಡೇ ಜನ. ಹದಿಮೂರನೆಯವರನ್ನು ಗೋಡೆಯ ಪಕ್ಕ ಹೇಗೋ ಕೂರಿಸಿಕೊಳ್ಳುತ್ತೇವೆ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆ ದಿನ ಕಾಯುವವರ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ತೆರವಾದದ್ದು ಒಂದೇ ತಿಗುರಿ. ಅದು ಯಾರಿಗೆ ಹೋಗಬೇಕೆಂದು ಪಟ್ಟಿಯೇ ಹೇಳುತ್ತದೆ. ಪಟ್ಟಿಯ ಮೊದಲ ಹೆಸರಿಗೆ ಬರೆಯಬೇಕಾದ ಒಂದು ಪತ್ರದ ಬಗ್ಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣವಿದೆ: ಅದನ್ನು ತಪ್ಪಾಗಿ ಬರೆದರೆ ಏನಾಗುತ್ತದೆ ಎಂದು ನಾನು ಹಿಂದಿನ ಶಿಬಿರದಲ್ಲಿ ಕಂಡಿದ್ದೆ.

ವೇಟಿಂಗ್ ಲಿಸ್ಟ್ ಎಂದರೆ ನಮಗೆ ಮೊದಲು ನೆನಪಾಗುವುದು ರೈಲು. ಅಲ್ಲಿ ಯಾರೋ ಟಿಕೆಟ್ ರದ್ದು ಮಾಡಿದರೆ ಸಾಲು ತಾನಾಗಿ ಮುಂದೆ ಸರಿಯುತ್ತದೆ. ‘ನಿಮಗೆ ಬರ್ತ್ ಸಿಕ್ಕಿದೆ, ಬರುತ್ತೀರಾ?’ ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ, ಏಕೆಂದರೆ ಕಾಯುತ್ತಿರುವವರು ಪೂರ್ತಿ ಹಣ ಕೊಟ್ಟೇ ಕಾಯುತ್ತಿರುತ್ತಾರೆ. ಬರುವ ಮನಸ್ಸು ಆ ಹಣದಲ್ಲೇ ಇದೆ. ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್ಟು ಚಾರ್ಟ್ ತಯಾರಾದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದಿದ್ದರೆ ತಾನಾಗಿ ರದ್ದಾಗಿ ಹಣ ವಾಪಸ್ಸಾಗುತ್ತದೆ. ವೃತ್ತಿಶಿಕ್ಷಣದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕ್ರಮ ಬೇರೆ. ಸೀಟು ಕೊಟ್ಟ ಮೇಲೆ, ಸೇರುತ್ತೀರಾ, ಇದನ್ನು ಇಟ್ಟುಕೊಂಡೇ ಮುಂದಿನ ಸುತ್ತು ನೋಡುತ್ತೀರಾ, ಇದು ಬೇಡವೆಂದು ಮುಂದಿನ ಸುತ್ತಿಗೆ ಹೋಗುತ್ತೀರಾ, ಪೂರ್ತಿ ಹೊರಬರುತ್ತೀರಾ ಎಂದು ನಾಲ್ಕು ದಾರಿ ಇಟ್ಟು, ಒಂದನ್ನು ಇಷ್ಟು ದಿನದೊಳಗೆ ಆರಿಸಿ ಎನ್ನುತ್ತದೆ. ನಮ್ಮ ಶಿಬಿರ ಈ ಎರಡನೆಯ ಜಾತಿಯದು. ಕಾಯುವವರಿಂದ ಒಂದು ರೂಪಾಯಿಯನ್ನೂ ಪಡೆದಿಲ್ಲ. ಹೆಸರು ಕೊಟ್ಟು ಒಂದೂವರೆ ತಿಂಗಳಾಗಿದೆ. ಈ ನಡುವೆ ಅವರು ಬೇರೆ ಏನನ್ನೋ ಒಪ್ಪಿಕೊಂಡಿರಬಹುದು, ಶಿಬಿರವನ್ನೇ ಮರೆತಿರಬಹುದು. ಆದ್ದರಿಂದ ಕೇಳಲೇಬೇಕು, ಉತ್ತರಕ್ಕೊಂದು ಗಡುವನ್ನೂ ಇಡಬೇಕು.

ಹಿಂದಿನ ಶಿಬಿರದಲ್ಲಿ ನಾನು ಮಾಡಿದ್ದು ಇಷ್ಟು. ಸೀಟೊಂದು ತೆರವಾಯಿತು. ಕಾಯುತ್ತಿದ್ದ ಎಲ್ಲರಿಗೂ ಒಂದೇ ಮೇಲ್ ಕಳಿಸಿ, ‘ಮೊದಲು ಉತ್ತರಿಸಿದವರಿಗೆ ಸೀಟು’ ಎಂದು ಬರೆದೆ. ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ, ಮುಗಿಯಿತು ಕೂಡ. ಇಪ್ಪತ್ತು ನಿಮಿಷದಲ್ಲಿ ನಾಲ್ವರು ‘ಬರುತ್ತೇನೆ’ ಎಂದರು. ಒಬ್ಬರಿಗೆ ಸೀಟು ಕೊಟ್ಟು ಮೂವರಿಗೆ ‘ಕ್ಷಮಿಸಿ’ ಎಂದು ಬರೆಯಬೇಕಾಯಿತು. ಆ ಮೂವರಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಮೇಲ್ ನೋಡಿದ ಕೂಡಲೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ರಜೆ ಕೇಳಿ, ಒಪ್ಪಿಸಿ, ಆಮೇಲೆ ನಮಗೆ ಉತ್ತರ ಬರೆದಿದ್ದರು. ಪಟ್ಟಿಯಲ್ಲಿ ಅವರದು ಎರಡನೆಯ ಹೆಸರು. ಸೀಟು ಸಿಕ್ಕಿದ್ದು ಏಳನೆಯವರಿಗೆ, ಏಕೆಂದರೆ ಮೇಲ್ ಬಂದಾಗ ಅವರ ಫೋನು ಕೈಯಲ್ಲಿತ್ತು. ಆರು ವಾರ ಸಾಲಿನಲ್ಲಿ ನಿಲ್ಲಿಸಿ ಕೊನೆಯ ಇಪ್ಪತ್ತು ನಿಮಿಷದಲ್ಲಿ ಸಾಲನ್ನೇ ಅಳಿಸಿಹಾಕಿದ್ದು ನಾನು. ‘ಪಟ್ಟಿ ಅಂತ ಯಾಕೆ ಮಾಡಿದ್ರಿ ಹಾಗಾದ್ರೆ?’ ಎಂದು ಆ ಶಿಕ್ಷಕಿ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಸಲ ಒಂದು ಸೀಟು, ಒಬ್ಬರಿಗೆ ಪತ್ರ, ಅವರ ಉತ್ತರ ಬರುವವರೆಗೆ ಅಥವಾ ಗಡುವು ಮುಗಿಯುವವರೆಗೆ ಸೀಟು ಅವರದೇ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆವು. ಹಾಗೆ ನಿಶ್ಚಯಿಸಿದೊಡನೆ ಗಡುವು ಎಷ್ಟಿರಬೇಕು ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ, ಏಕೆಂದರೆ ಮೊದಲನೆಯವರಿಗೆ ಕೊಡುವ ಪ್ರತಿ ಗಂಟೆಯೂ ಹಿಂದಿನವರ ಪಾಲಿನಿಂದ ತೆಗೆದದ್ದು.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಮಗೆ ಜಾಗ ಕೊಡುವ ಮನೆಯ ಅಜ್ಜ ಹೇಳಿದ್ದರು: ‘ಸೋಮವಾರ ಸಂಜೀಕ ಎಷ್ಟ ಮಂದಿ ಅಂತ ಪಕ್ಕಾ ಹೇಳಿಬಿಡ್ರಿ. ಮಂಗಳವಾರ ಸಂತಿಗೆ ಹೋಗೂದೈತಿ.’ ಅಂದರೆ ಡಿಸೆಂಬರ್ 1ರ ಸಂಜೆ ಆರಕ್ಕೆ ಹೆಸರುಗಳು ಗಟ್ಟಿಯಾಗಿರಬೇಕು. ನಾನು ಪತ್ರ ಕಳಿಸಿದ್ದು ನವೆಂಬರ್ 25ರ ಸಂಜೆ ಆರಕ್ಕೆ. ನಡುವೆ ಸರಿಯಾಗಿ ಆರು ದಿನ. ಒಬ್ಬೊಬ್ಬರಿಗೆ ಒಂದು ದಿನ ಕೊಟ್ಟರೆ ಆರು ಜನರನ್ನು ಕೇಳಬಹುದು, ಎರಡು ದಿನ ಕೊಟ್ಟರೆ ಮೂವರನ್ನು. ನಾಲ್ಕು ದಿನ ಕೊಟ್ಟರೆ ಮೊದಲನೆಯವರು ಸುಮ್ಮನಿದ್ದುಬಿಟ್ಟಾಗ ಎರಡನೆಯವರಿಗೆ ಎರಡೇ ದಿನ ಉಳಿಯುತ್ತದೆ, ಮೂರನೆಯವರಿಗೆ ಏನೂ ಇಲ್ಲ.

ಹಾಗೆಂದು ಎಷ್ಟು ಚಿಕ್ಕದಾದರೂ ಆಗಬಹುದೇ? ಮೂರು ದಿನ ಮನೆ ಬಿಟ್ಟು ಬರುವವರು ಉತ್ತರಿಸುವ ಮೊದಲು ಸಾಮಾನ್ಯವಾಗಿ ಇಬ್ಬರನ್ನು ಕೇಳಬೇಕಾಗುತ್ತದೆ: ಮನೆಯಲ್ಲಿ ಒಬ್ಬರನ್ನು, ಕೆಲಸದ ಜಾಗದಲ್ಲಿ ಒಬ್ಬರನ್ನು. ಮನೆಯವರು ಸಿಗುವುದು ರಾತ್ರಿ, ಕಚೇರಿಯವರು ಸಿಗುವುದು ಕೆಲಸದ ದಿನದ ಹಗಲು. ಜೊತೆಗೆ ಬೆಂಗಳೂರಿನವರಾದರೆ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಜಾಗವಿದೆಯೇ ಎಂದು ನೋಡಬೇಕು. ಆದ್ದರಿಂದ ಗಡುವಿನೊಳಗೆ ಕನಿಷ್ಠ ಒಂದು ರಾತ್ರಿ, ಒಂದು ಕೆಲಸದ ಹಗಲು ಪೂರ್ತಿಯಾಗಿ ಸೇರಿರಬೇಕು. ಶುಕ್ರವಾರ ಸಂಜೆ ಮೇಲ್ ಕಳಿಸಿ ಶನಿವಾರ ಸಂಜೆಗೆ ಉತ್ತರ ಬೇಕು ಎಂದರೆ ಇಪ್ಪತ್ನಾಲ್ಕು ಗಂಟೆ ಕೊಟ್ಟಂತೆ ಕಾಣುತ್ತದೆ, ಆದರೆ ಶನಿವಾರ ರಜೆಯಿರುವ ಕಚೇರಿಯವರಿಗೆ ರಜೆ ಕೇಳಲು ಒಂದು ಗಂಟೆಯೂ ಸಿಗುವುದಿಲ್ಲ. ಅದೇ ಇಪ್ಪತ್ನಾಲ್ಕು ಗಂಟೆ ಮಂಗಳವಾರ ಸಂಜೆಯಿಂದ ಬುಧವಾರ ಸಂಜೆಯವರೆಗೆ ಇದ್ದರೆ ಸಾಕಾಗಬಹುದು. ನಮಗೆ ಆರು ದಿನ ಇದ್ದುದರಿಂದ ತಲಾ ಎರಡು ದಿನ ಎಂದುಕೊಂಡು, ಮೊದಲ ಗಡುವನ್ನು ನವೆಂಬರ್ 27ರ ಗುರುವಾರ ರಾತ್ರಿ ಎಂಟಕ್ಕೆ ಇಟ್ಟೆವು. ಎರಡು ರಾತ್ರಿ, ಎರಡು ಕೆಲಸದ ಹಗಲು.

ರಾತ್ರಿ ಎಂಟೇ ಏಕೆ, ಹನ್ನೆರಡು ಏಕಲ್ಲ? ‘ಗುರುವಾರ ರಾತ್ರಿ 12’ ಎಂದರೆ ಗುರುವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂದು ಓದುವವರಿಗೆ ಅನುಮಾನ ಬರುತ್ತದೆ. ಇನ್ನೊಂದು ಕಾರಣ, ಗಡುವು ಮುಗಿದಾಗ ಇಲ್ಲೊಬ್ಬರು ಎಚ್ಚರವಾಗಿದ್ದು ಮುಂದಿನವರಿಗೆ ಪತ್ರ ಕಳಿಸಬೇಕು. ಎಂಟಕ್ಕೆ ಮುಗಿದರೆ ಎಂಟೂಕಾಲಿಗೆ ಹೊಸ ಪತ್ರ ಹೋಗುತ್ತದೆ, ಊಟ ಮುಗಿಸಿ ಫೋನು ನೋಡುವ ಹೊತ್ತಿಗೆ ಮುಂದಿನವರಿಗೆ ತಲುಪಿರುತ್ತದೆ. ಹನ್ನೆರಡಕ್ಕೆ ಮುಗಿದರೆ ಒಂದು ರಾತ್ರಿ ಯಾರಿಗೂ ದಕ್ಕದೆ ಹೋಗುತ್ತದೆ.

ಗಡುವನ್ನು ಬರೆಯುವಾಗ ಕನ್ನಡದ ಕೆಲವು ಮಾತುಗಳ ಬಗ್ಗೆ ಜಾಗ್ರತೆ ಬೇಕು. ‘ನಾಳೆ ಸಂಜೆಯೊಳಗೆ’ ಎಂದು ಬರೆದದ್ದನ್ನು ಒಬ್ಬರು ಮರುದಿನ ಬೆಳಿಗ್ಗೆ ಓದಿದರೆ ಅವರ ಪಾಲಿನ ನಾಳೆ ಇನ್ನೊಂದು ದಿನ ಆಚೆಗೆ ಸರಿದಿರುತ್ತದೆ. ‘ಬರುವ ಗುರುವಾರ’ ಎಂದರೆ ಕೆಲವರಿಗೆ ಈ ವಾರದ್ದು, ಕೆಲವರಿಗೆ ಮುಂದಿನ ವಾರದ್ದು. ಎಲ್ಲಕ್ಕಿಂತ ಮೋಸ ಮಾಡುವುದು ‘ಒಳಗೆ’ ಎಂಬ ಸಣ್ಣ ಪದ. ‘27ರೊಳಗೆ ತಿಳಿಸಿ’ ಎಂದರೆ 27ನೇ ತಾರೀಖು ಸೇರಿತೋ ಇಲ್ಲವೋ? ನಾನು ಕೇಳಿದ ಐದಾರು ಜನರಲ್ಲಿ ಎರಡು ಅಭಿಪ್ರಾಯಗಳಿದ್ದವು. ಎರಡನ್ನೂ ತಪ್ಪೆನ್ನಲಾಗದು. ವಾರ, ತಾರೀಖು, ಗಂಟೆ ಮೂರನ್ನೂ ಒಟ್ಟಿಗೆ ಬರೆದರೆ ಈ ಗೊಂದಲವಿರುವುದಿಲ್ಲ: ‘ಗುರುವಾರ, ನವೆಂಬರ್ 27, ರಾತ್ರಿ 8 ಗಂಟೆಯೊಳಗೆ’. ಗಂಟೆ ಬಂದ ಕೂಡಲೇ ‘ಒಳಗೆ’ಗೆ ಒಂದೇ ಅರ್ಥ ಉಳಿಯುತ್ತದೆ. ವಾರ, ತಾರೀಖು ಎರಡೂ ಇದ್ದರೆ, ಬರೆಯುವವರು ಒಂದನ್ನು ತಪ್ಪಿದರೂ ಓದುವವರಿಗೆ ಏನೋ ಹೊಂದುತ್ತಿಲ್ಲ ಎಂದು ಗೊತ್ತಾಗಿ ಕೇಳುತ್ತಾರೆ.

ಕೊನೆಗೆ ಕಳಿಸಿದ ಪತ್ರ ಇದು.

ವಿಷಯ: ಸೀಟು ಸಿಕ್ಕಿದೆ, ಗುರುವಾರ ರಾತ್ರಿ 8ರೊಳಗೆ ತಿಳಿಸಿ – ಕುಂಬಾರಿಕೆ ಶಿಬಿರ, ಡಿಸೆಂಬರ್ 5–7

ನಮಸ್ಕಾರ.

ಡಿಸೆಂಬರ್ 5ರಿಂದ 7ರವರೆಗಿನ ಕುಂಬಾರಿಕೆ ಶಿಬಿರದಲ್ಲಿ ಒಂದು ಸೀಟು ತೆರವಾಗಿದೆ. ನೀವು ಅಕ್ಟೋಬರ್ 11ರಂದು ಹೆಸರು ಕೊಟ್ಟಿದ್ದಿರಿ. ಕಾಯುವವರ ಪಟ್ಟಿಯಲ್ಲಿ ಈಗ ಮೊದಲಿರುವವರು ನೀವು. ಈ ಸೀಟನ್ನು ನಿಮಗಾಗಿ ತೆಗೆದಿಟ್ಟಿದ್ದೇವೆ, ಬೇರೆ ಯಾರಿಗೂ ಇನ್ನೂ ಹೇಳಿಲ್ಲ.

ಬರುವುದಾದರೆ ಗುರುವಾರ, ನವೆಂಬರ್ 27, ರಾತ್ರಿ 8 ಗಂಟೆಯೊಳಗೆ ಈ ಮೇಲ್‌ಗೆ ‘ಬರುತ್ತೇನೆ’ ಎಂದು ಉತ್ತರಿಸಿ. ಹಣ ಈಗ ಕಟ್ಟಬೇಡಿ. ಉತ್ತರ ಬಂದ ಮೇಲೆ 4,500 ರೂಪಾಯಿ ಶುಲ್ಕ ಕಟ್ಟುವ ವಿವರ ಕಳಿಸುತ್ತೇವೆ. ಅದಕ್ಕೆ ಶನಿವಾರ, ನವೆಂಬರ್ 29, ಸಂಜೆ 6ರವರೆಗೆ ಸಮಯವಿದೆ.

ಬರಲಾಗದಿದ್ದರೆ ‘ಈ ಸಲ ಆಗುವುದಿಲ್ಲ’ ಎಂದಷ್ಟೇ ಬರೆಯಿರಿ. ಕಾರಣ ಹೇಳಬೇಕಿಲ್ಲ. ನೀವು ಬೇಗ ತಿಳಿಸಿದಷ್ಟೂ ನಿಮ್ಮ ನಂತರದವರಿಗೆ ಹೆಚ್ಚು ಸಮಯ ಸಿಗುತ್ತದೆ.

ಗುರುವಾರ ರಾತ್ರಿ 8ರವರೆಗೆ ನಿಮ್ಮಿಂದ ಉತ್ತರ ಬರದಿದ್ದರೆ ಸೀಟನ್ನು ಮುಂದಿನವರಿಗೆ ಕೊಡುತ್ತೇವೆ.

ಶಿಬಿರ ಶುಕ್ರವಾರ ಬೆಳಿಗ್ಗೆ 9:30ಕ್ಕೆ ಶುರುವಾಗಿ ಭಾನುವಾರ ಸಂಜೆ 4ಕ್ಕೆ ಮುಗಿಯುತ್ತದೆ. ಊಟ, ವಸತಿ ಶುಲ್ಕದಲ್ಲೇ ಸೇರಿವೆ. ಏನಾದರೂ ಕೇಳುವುದಿದ್ದರೆ ಶಿಬಿರದ ಕರಪತ್ರದಲ್ಲಿರುವ ನಂಬರಿಗೇ ಫೋನು ಮಾಡಿ.

ಇಲ್ಲಿಗೆ ಪತ್ರ ಮುಗಿಯಿತು. ಹಿಂದಿನ ವರ್ಷದ ಪತ್ರದ ವಿಷಯದ ಸಾಲು ‘ಕುಂಬಾರಿಕೆ ಶಿಬಿರದ ಕುರಿತು ಮಹತ್ವದ ಮಾಹಿತಿ’ ಎಂದಿತ್ತು. ಶಿಬಿರದ ಕುರಿತು ಯಾರು ಏನು ಕಳಿಸಿದರೂ ಆ ಸಾಲು ಹೊಂದುತ್ತದೆ, ಹಾಗಾಗಿ ಅದು ಏನನ್ನೂ ಹೇಳುವುದಿಲ್ಲ. ಫೋನಿನ ಪರದೆಯಲ್ಲಿ ವಿಷಯದ ಸಾಲಿನ ಮೊದಲ ನಾಲ್ಕಾರು ಪದಗಳಷ್ಟೇ ಕಾಣುತ್ತವೆ, ಉಳಿದದ್ದು ಚುಕ್ಕಿಗಳಾಗಿಬಿಡುತ್ತದೆ. ಆದ್ದರಿಂದ ಆ ಜಾಗದಲ್ಲಿ ‘ಸೀಟು ಸಿಕ್ಕಿದೆ’ ಎಂಬುದೂ ಗಡುವೂ ಇರಬೇಕು. ಶಿಬಿರದ ಹೆಸರು ಚುಕ್ಕಿಯ ಪಾಲಾದರೂ ನಷ್ಟವಿಲ್ಲ. ಕಳಿಸಿದವರ ಹೆಸರಿನಲ್ಲಿ ಅದು ಇದ್ದೇ ಇದೆ. ಪತ್ರದ ಒಳಗೂ ಹಾಗೆಯೇ. ‘ಅಭಿನಂದನೆಗಳು’ ಎಂದು ತೊಡಗಿ, ಶಿಬಿರಕ್ಕೆ ಬಂದ ಪ್ರತಿಕ್ರಿಯೆಗೆ ಕೃತಜ್ಞತೆ ಹೇಳಿ, ಕಾಯ್ದಿದ್ದಕ್ಕೆ ವಂದನೆ ಹೇಳಿ ಮೂರನೆಯ ಪ್ಯಾರಾದಲ್ಲಿ ವಿಷಯಕ್ಕೆ ಬಂದರೆ, ಬಸ್ಸಿನಲ್ಲಿ ನಿಂತು ಓದುವವರು ಅಲ್ಲಿಯವರೆಗೆ ಬರುವುದಿಲ್ಲ.

‘ಹಣ ಈಗ ಕಟ್ಟಬೇಡಿ’ ಎಂಬ ಸಾಲಿನ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಗೆಳತಿಗೆ ಒಪ್ಪಿಗೆ ಇರಲಿಲ್ಲ. ‘ಹಣ ಬಂದ್ರೆ ತಾನೇ ಖಚಿತ? ಬಾಯಿಮಾತಿಗೆ ಏನು ಬೆಲೆ?’ ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ‘ಬರುತ್ತೇನೆ’ ಎಂದವರು ಹಣ ಕಟ್ಟದೆ ಉಳಿದರೆ ಎರಡು ದಿನ ಹಾಳು. ಆದರೆ ಓದುವವರ ಕಡೆಯಿಂದ ಆ ಪತ್ರವನ್ನು ನೋಡಬೇಕು. ‘ನಿಮಗೆ ಸಿಕ್ಕಿದೆ, ಇಷ್ಟು ಗಂಟೆಯೊಳಗೆ ಈ ಲಿಂಕ್ ಒತ್ತಿ ಹಣ ಕಟ್ಟಿ, ಇಲ್ಲದಿದ್ದರೆ ಕೈತಪ್ಪುತ್ತದೆ’ ಎಂಬುದು ಇಂದು ಹಣ ದೋಚುವವರು ಬರೆಯುವ ಪತ್ರದ ರೂಪವೇ ಆಗಿದೆ. ಸಿಹಿ ಸುದ್ದಿ, ಅವಸರ, ಹಣ, ಲಿಂಕು ನಾಲ್ಕೂ ಅದರಲ್ಲಿರುತ್ತವೆ. ನಮ್ಮ ಪತ್ರದಲ್ಲಿ ಮೊದಲ ಎರಡನ್ನು ಬಿಡುವಂತಿಲ್ಲ. ಹಾಗಾಗಿ ಉಳಿದೆರಡನ್ನು ತೆಗೆದುಹಾಕಿದೆವು. ಅವರು ಹೆಸರು ಕೊಟ್ಟ ತಾರೀಖನ್ನು ಬರೆದದ್ದೂ ಇದಕ್ಕೇ. ಅದು ಅವರಿಗೂ ನಮಗೂ ಮಾತ್ರ ಗೊತ್ತಿರುವ ಸಂಗತಿ. ಹೆಸರು ಕೊಟ್ಟ ದಿನ ‘ನೀವು ಪಟ್ಟಿಯಲ್ಲಿದ್ದೀರಿ’ ಎಂಬ ಮೇಲ್ ಯಾವ ವಿಳಾಸದಿಂದ ಹೋಗಿತ್ತೋ ಅದೇ ವಿಳಾಸದಿಂದ ಇದೂ ಹೋಯಿತು. ಫೋನ್ ನಂಬರನ್ನು ಪತ್ರದಲ್ಲಿ ಹೊಸದಾಗಿ ಕೊಡದೆ, ಅವರ ಬಳಿ ಈಗಾಗಲೇ ಇರುವ ಕರಪತ್ರದ ನಂಬರಿಗೆ ಕಳಿಸಿದ್ದೂ ಆ ಕಾರಣಕ್ಕೆ. ಅಂಥ ಪತ್ರ ನಿಮ್ಮ ಕೈಗೆ ಬಂದರೂ ನೋಡಬೇಕಾದದ್ದು ಇವನ್ನೇ: ಹಳೆಯ ವಿಳಾಸವೇ, ನಿಮ್ಮ ಹಳೆಯ ಸಂಗತಿ ಅದರಲ್ಲಿದೆಯೇ, ಪತ್ರದ ಹೊರಗಿನ ದಾರಿಯಿಂದ ವಿಚಾರಿಸಬಹುದೇ.

ಗೆಳತಿಯ ಅಂಜಿಕೆಗೆ ಉತ್ತರವಾಗಿ ಹಣದ ಗಡುವನ್ನು ಶನಿವಾರ ಸಂಜೆಗೆ ಇಟ್ಟೆವು. ಹಣ ಬರದೇ ಹೋದರೆ ಶನಿವಾರ ಸಂಜೆಯಿಂದ ಸೋಮವಾರ ಸಂಜೆಯವರೆಗೆ ಇನ್ನೊಬ್ಬರನ್ನು ಕೇಳಲು ಆಗಲೂ ಎರಡು ದಿನ ಉಳಿದಿರುತ್ತದೆ, ಅದರಲ್ಲಿ ಸೋಮವಾರದ ಹಗಲೂ ಸೇರಿರುತ್ತದೆ.

‘ಈ ಸಲ ಆಗುವುದಿಲ್ಲ’ ಎಂಬ ಸಾಲನ್ನು ನಾವೇ ಬರೆದುಕೊಟ್ಟದ್ದು ಈ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸುವ ಭಾಗ. ನಮ್ಮಲ್ಲಿ ಇಲ್ಲವೆನ್ನುವುದು ಕಷ್ಟ. ಕರೆದವರಿಗೆ ಇಲ್ಲವೆಂದರೆ ಅವರು ಬೇಸರಪಟ್ಟುಕೊಂಡಾರು ಎಂದು ಒಳ್ಳೆಯ ಕಾರಣವೊಂದನ್ನು ಹುಡುಕುತ್ತಾ ಕೂರುತ್ತೇವೆ, ಕಾರಣ ಹೊಳೆಯುವ ಹೊತ್ತಿಗೆ ಗಡುವು ದಾಟಿರುತ್ತದೆ. ಪಟ್ಟಿ ನಡೆಸುವವರಿಗೆ ಸೀಟು ಬೇಡವೆನ್ನುವವರಿಂದ ತೊಂದರೆಯಿಲ್ಲ, ತೊಂದರೆಯೆಲ್ಲ ಮೌನದಿಂದ. ಒಂದು ‘ಇಲ್ಲ’ ಎರಡು ದಿನವನ್ನು ಮರಳಿ ತಂದುಕೊಡುತ್ತದೆ. ಅಂದು ಹಾಗೆಯೇ ಆಯಿತು. ಆರು ಗಂಟೆಗೆ ಕಳಿಸಿದ ಪತ್ರಕ್ಕೆ ಮೊದಲನೆಯವರು ಎಂಟಕ್ಕೆ ಉತ್ತರಿಸಿದರು: ‘ಈ ಸಲ ಆಗುವುದಿಲ್ಲ.’ ನಾವು ಬರೆದ ಮಾತನ್ನೇ ತಿರುಗಿ ಕಳಿಸಿದ್ದರು, ಒಂದಕ್ಷರ ಹೆಚ್ಚಿಲ್ಲ. ಎಂಟೂಹತ್ತಕ್ಕೆ ಎರಡನೆಯವರಿಗೆ ಅದೇ ಪತ್ರ ಹೋಯಿತು, ಗಡುವೂ ಅದೇ ಗುರುವಾರ ರಾತ್ರಿ ಎಂಟು.

ಎರಡನೆಯವರು ಬೆಂಗಳೂರಿನವರು. ಬುಧವಾರ ಉತ್ತರ ಬರಲಿಲ್ಲ. ಗುರುವಾರ ಬೆಳಿಗ್ಗೆ ಅದೇ ಮೇಲ್‌ನ ಕೆಳಗೆ ‘ಇಂದು ರಾತ್ರಿ 8ರವರೆಗೆ ಸೀಟು ನಿಮ್ಮದೇ ಆಗಿದೆ’ ಎಂದು ಒಂದು ಸಾಲಿನ ನೆನಪೋಲೆ ಕಳಿಸಿದೆ. ಸಂಜೆ ಐದಕ್ಕೆ ಫೋನು ಮಾಡಿದೆ, ರಿಂಗಾಗಿ ನಿಂತಿತು. ಪಟ್ಟಿಗೆ ಹೆಸರು ಬರೆಸಿಕೊಳ್ಳುವಾಗಲೇ ಫೋನ್ ನಂಬರ್ ಕೇಳಿರಬೇಕಾದದ್ದು ಇಂಥ ಗಳಿಗೆಗಾಗಿ. ಮೇಲ್ ಸ್ಪ್ಯಾಮ್‌ನಲ್ಲೋ ಪ್ರೊಮೋಷನ್ಸ್ ವಿಭಾಗದಲ್ಲೋ ಬಿದ್ದಿದ್ದರೆ ಕಳಿಸಿದವರಿಗೆ ಅದು ತಿಳಿಯುವ ದಾರಿಯಿಲ್ಲ. ಕಳಿಸಿದ ಮೇಲ್‌ಗಳ ಸಾಲಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ನೆನಪೋಲೆ, ಒಂದು ಕರೆ, ಅದಕ್ಕಿಂತ ಹೆಚ್ಚಲ್ಲ ಎಂದುಕೊಂಡಿದ್ದೆವು. ಎಂಟಾಯಿತು.

ಮೂರನೆಯವರಿಗೆ ಬರೆಯುವಾಗ ಹಳೆಯ ಪತ್ರವನ್ನೇ ಎತ್ತಿ ಅಂಟಿಸಿ ತಾರೀಖು ಬದಲಾಯಿಸುವುದು ಸಹಜ. ಅಪಾಯವಿರುವುದು ಅಲ್ಲೇ. ಗಡುವು ಮೂರು ಜಾಗದಲ್ಲಿದೆ: ವಿಷಯದ ಸಾಲು, ‘ಬರುವುದಾದರೆ’ ಎಂಬ ಪ್ಯಾರಾ, ‘ಉತ್ತರ ಬರದಿದ್ದರೆ’ ಎಂಬ ಸಾಲು. ಹಣದ ಗಡುವು ಬೇರೆ, ಹೆಸರು ಕೊಟ್ಟ ತಾರೀಖು ಬೇರೆ. ಒಂದು ಜಾಗದಲ್ಲಿ ಗುರುವಾರ ಉಳಿದುಬಿಟ್ಟರೆ, ಗುರುವಾರ ರಾತ್ರಿ ಎಂಟೂಕಾಲಿಗೆ ಪತ್ರ ಓದುವವರಿಗೆ ಸೀಟು ಕೈತಪ್ಪಿ ಕಾಲು ಗಂಟೆಯಾಗಿದೆ ಎಂದು ತೋರುತ್ತದೆ. ಐದನ್ನೂ ಬದಲಾಯಿಸಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಗಟ್ಟಿಯಾಗಿ ಓದಿ ಕಳಿಸಿದೆ.

ಮೂರನೆಯವರಿದ್ದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಡಿಸೆಂಬರ್ ಮೊದಲ ವಾರ ಧಾರವಾಡದ ತಾಯಿಮನೆಗೆ ಬರುವವರಿದ್ದರು. ಅವರಿಗೆ ಗಡುವು ಶನಿವಾರ ರಾತ್ರಿ ಎಂಟು. ಆದರೆ ಯಾವ ಊರಿನ ಎಂಟು? ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಇರುವ ಅಂತರ ಚಳಿಗಾಲದಲ್ಲಿ ಹತ್ತೂವರೆ ಆಗುತ್ತದೆ. ಲೆಕ್ಕವನ್ನು ಅವರಿಗೆ ಬಿಡದೆ ಎರಡನ್ನೂ ಬರೆದೆ: ‘ಶನಿವಾರ, ನವೆಂಬರ್ 29, ಭಾರತದ ಸಮಯ ರಾತ್ರಿ 8 ಗಂಟೆಯೊಳಗೆ, ನಿಮ್ಮಲ್ಲಿ ಅದೇ ಶನಿವಾರ ಬೆಳಿಗ್ಗೆ 9:30.’ ಅವರ ಗಡುವಿನಲ್ಲಿ ಶನಿವಾರದ ಸಂಜೆ ಇಲ್ಲ ಎಂಬುದು ಹೀಗೆ ಬರೆದಾಗಲೇ ಕಣ್ಣಿಗೆ ಬಿದ್ದದ್ದು. ‘ಶನಿವಾರದೊಳಗೆ’ ಎಂದಷ್ಟೇ ಇದ್ದಿದ್ದರೆ ಅವರು ಆ ಸಂಜೆ ನಿಶ್ಚಿಂತೆಯಿಂದ ಉತ್ತರಿಸುತ್ತಿದ್ದರು. ಆಗ ಇಲ್ಲಿ ಭಾನುವಾರದ ನಸುಕು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನವರ ಉತ್ತರ ಬಂತು. ‘ಬರುತ್ತೇನೆ. ಎರಡು ದಿನ ಫೋನು ರಿಪೇರಿಗೆ ಕೊಟ್ಟಿದ್ದೆ, ಮೇಲ್ ಈಗ ನೋಡಿದೆ.’ ಗಡುವು ದಾಟಿ ಹನ್ನೊಂದು ಗಂಟೆಯಾಗಿತ್ತು. ನ್ಯೂಜೆರ್ಸಿಯಿಂದ ಇನ್ನೂ ಏನೂ ಬಂದಿರಲಿಲ್ಲ. ಗೆಳತಿ ಮೆತ್ತಗಾದಳು. ಪಾಪ, ಇವರಿಗೇ ಕೊಟ್ಟುಬಿಡೋಣ, ಆಕೆ ಇನ್ನೂ ಉತ್ತರಿಸಿಲ್ಲವಲ್ಲ ಎಂದಳು. ನಾನು ಆಗುವುದಿಲ್ಲ ಎಂದೆ. ‘ಈ ಸೀಟನ್ನು ನಿಮಗಾಗಿ ತೆಗೆದಿಟ್ಟಿದ್ದೇವೆ’ ಎಂದು ಆಕೆಗೆ ಬರೆದು ಹನ್ನೊಂದು ಗಂಟೆಯಷ್ಟೇ ಆಗಿತ್ತು. ಅಲ್ಲಿ ಆಗ ಗುರುವಾರ ರಾತ್ರಿ ಎಂಟೂವರೆ, ಅದೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ದಿನ. ಆಕೆ ಟಿಕೆಟ್ಟಿನ ತಾರೀಖು ನೋಡುತ್ತಿರಬಹುದು, ಧಾರವಾಡದ ಮನೆಯವರು ಏಳಲಿ, ಕೇಳೋಣ ಎಂದು ಕಾಯುತ್ತಿರಬಹುದು. ಶನಿವಾರ ರಾತ್ರಿ ಎಂಟರವರೆಗಿನ ಹೊತ್ತು ನಾವು ಕೊಟ್ಟಾಗಿದೆ. ಅದನ್ನು ಅವರಿಗೆ ಗೊತ್ತಿಲ್ಲದಂತೆ ಹಿಂದಕ್ಕೆ ಪಡೆಯಲು ನಮಗೆ ಹಕ್ಕಿಲ್ಲ. ತಡವಾಗಿ ಬಂದ ಉತ್ತರಕ್ಕೆ ಹಿಂದಿನ ವರ್ಷದ ನಾನಾಗಿದ್ದರೆ ‘ನೋಡೋಣ, ತಿಳಿಸುತ್ತೇವೆ’ ಎಂದು ಬರೆದಿರುತ್ತಿದ್ದೆ. ಆ ಮಾತಿನಲ್ಲಿ ಎಷ್ಟು ಕಾಯಬೇಕು, ಯಾವುದಕ್ಕೆ ಕಾಯಬೇಕು ಎರಡೂ ಇಲ್ಲ. ಬೆಂಗಳೂರಿನವರಿಗೆ ಹೀಗೆ ಬರೆದೆ:

ನಿಮ್ಮ ಉತ್ತರ ಇಂದು ಬೆಳಿಗ್ಗೆ 7ಕ್ಕೆ ಬಂತು. ಗುರುವಾರ ರಾತ್ರಿ 8:15ಕ್ಕೆ ಸೀಟನ್ನು ಪಟ್ಟಿಯಲ್ಲಿ ನಿಮ್ಮ ನಂತರದವರಿಗೆ ಕೊಟ್ಟಿದ್ದೇವೆ, ಅವರಿಗೆ ಶನಿವಾರ ರಾತ್ರಿ 8ರವರೆಗೆ ಸಮಯವಿದೆ. ಅವರು ಬೇಡವೆಂದರೆ ಅಥವಾ ಉತ್ತರಿಸದಿದ್ದರೆ ಸೀಟು ನಿಮ್ಮದು, ನಾಲ್ಕನೆಯವರನ್ನು ಕೇಳುವುದಿಲ್ಲ. ಏನೇ ಆದರೂ ಶನಿವಾರ ರಾತ್ರಿ 8:30ರೊಳಗೆ ನಿಮಗೆ ಫೋನು ಮಾಡುತ್ತೇನೆ. ಅಲ್ಲಿಯವರೆಗೆ ಬಸ್ ಟಿಕೆಟ್ ತೆಗೆಯಬೇಡಿ.

ತಡಮಾಡಿದವರನ್ನು ಪಟ್ಟಿಯ ಕೊನೆಗೆ ತಳ್ಳಬೇಕೆನ್ನುವವರೂ ಇದ್ದಾರೆ. ನಾಲ್ಕನೆಯವರಿಗೆ ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ನನಗೆ ಅನ್ಯಾಯವೆನಿಸುವುದಿಲ್ಲ. ನಾಲ್ಕನೆಯವರಿಗೆ ನಾವಿನ್ನೂ ಏನನ್ನೂ ಕೊಟ್ಟಿಲ್ಲ, ಸಾಲಿನಲ್ಲಿ ಬೆಂಗಳೂರಿನವರು ಅವರಿಗಿಂತ ಮುಂದಿದ್ದವರೇ. ಗಡುವು ದಾಟಿದರೆ ಆ ಪತ್ರದಲ್ಲಿದ್ದ ಸೀಟು ಹೋಗುತ್ತದೆ, ಸಾಲಿನಲ್ಲಿದ್ದ ಜಾಗ ಹೋಗಬೇಕಿಲ್ಲ. ಇನ್ನೊಂದು ಶಿಬಿರದವರು ಬೇರೆ ನಿಯಮ ಇಟ್ಟುಕೊಂಡರೂ ಸರಿಯೇ, ಆದರೆ ಅದನ್ನು ಹೆಸರು ಬರೆಸಿಕೊಳ್ಳುವ ದಿನವೇ ಹೇಳಿರಬೇಕು.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ನ್ಯೂಜೆರ್ಸಿಯಿಂದ ಮೇಲ್ ಬಂತು: ಬರುತ್ತೇನೆ, ಬುಧವಾರ ಧಾರವಾಡ ತಲುಪುತ್ತೇನೆ. ಶನಿವಾರದವರೆಗೆ ಕಾಯಬೇಕಿರಲಿಲ್ಲ, ಬೆಂಗಳೂರಿನವರಿಗೆ ಕೂಡಲೇ ಫೋನು ಮಾಡಿ ಹೇಳಿದೆ. ‘ಆಯ್ತು ಬಿಡಿ, ಗೊತ್ತಾಯ್ತಲ್ಲ’ ಎಂದರು.

ಸೋಮವಾರ ಸಂಜೆ ಅಜ್ಜನಿಗೆ ಹನ್ನೆರಡು ಹೆಸರು ಹೇಳಿದ ಮೇಲೆ ಒಂದು ಕೆಲಸ ಉಳಿದಿತ್ತು. ನಾಲ್ಕರಿಂದ ಒಂಬತ್ತರವರೆಗಿನ ಆರು ಜನ ಇನ್ನೂ ಕಾಯುತ್ತಿದ್ದರು. ಅವರಿಗೆ ಈ ಯಾವುದೂ ಗೊತ್ತಿಲ್ಲ. ಶುಕ್ರವಾರದವರೆಗೂ ಮೇಲ್ ತೆರೆದು ನೋಡುತ್ತಲೇ ಇರಬಹುದು, ವಾರಾಂತ್ಯವನ್ನು ಖಾಲಿ ಇಟ್ಟುಕೊಂಡಿರಬಹುದು. ಆ ಆರು ಜನಕ್ಕೂ ಬೆಂಗಳೂರಿನವರಿಗೂ ಒಂದೊಂದೇ ಪತ್ರ ಕಳಿಸಿದೆ: ‘ಡಿಸೆಂಬರ್ 5ರ ಶಿಬಿರದ ಪಟ್ಟಿಯನ್ನು ಇಂದು ಮುಚ್ಚಿದ್ದೇವೆ. ಈ ಶಿಬಿರಕ್ಕಾಗಿ ಇನ್ನು ಕಾಯಬೇಡಿ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬಿಟ್ಟರೆ ಮೇಲ್ ಕಳಿಸುವುದಿಲ್ಲ, ಫೋನು ಮಾಡುತ್ತೇವೆ. ಹಿಂದಿನ ದಿನ ಕರೆದರೂ ಬರಬಲ್ಲವರು ಮಾತ್ರ ಇದಕ್ಕೆ ಉತ್ತರಿಸಿ.’ ಆರು ಜನರಲ್ಲಿ ಉತ್ತರಿಸಿದವರು ಬೆಳಗಾವಿಯ ಒಬ್ಬರು ಮಾತ್ರ. ಬೆಂಗಳೂರಿನವರೂ ಉತ್ತರಿಸಿದರು, ಈ ಸಲ ಹತ್ತೇ ನಿಮಿಷದಲ್ಲಿ: ‘ಗುರುವಾರ ಸಂಜೆ ಏಳರವರೆಗೆ ಕರೆದರೂ ಆಗುತ್ತದೆ. ರಾತ್ರಿ ಒಂಬತ್ತೂವರೆಗೆ ಬಸ್ಸಿದೆ, ಬ್ಯಾಗ್ ತುಂಬಿಟ್ಟಿರುತ್ತೇನೆ.’